‘ಊಟ ಆಯ್ತಾ?’ ಅಂದಾಗ ಬರುವ ಉತ್ತರ ಕೇಳಿ ಮುಂದಿನ ಮಾತು ಆರಿಸುವುದು: ಫೋನ್ ಕರೆಗೊಂದು ಸಮಗ್ರ ಮಾರ್ಗದರ್ಶಿ

ಫೋನ್ ಮಾಡಿ ‘ಊಟ ಆಯ್ತಾ?’ ಅಂತೀವಿ. ಆ ಕಡೆಯಿಂದ ‘ಹೂಂ’ ಅಂತ ಬರುತ್ತದೆ. ಇಲ್ಲಿಂದ ಮಾತು ಕೆಡುವುದಕ್ಕೆ ಎರಡೇ ದಾರಿ. ಒಂದು, ಆ ‘ಹೂಂ’ ಹೇಗಿತ್ತು ಅಂತ ಗಮನಿಸದೆ ನೇರ ಕೆಲಸದ ವಿಷಯಕ್ಕೆ ಇಳಿಯುವುದು. ಇನ್ನೊಂದು, ಅತಿಯಾಗಿ ಗಮನಿಸಿ ‘ಯಾಕೆ, ಏನಾಯ್ತು? ದನಿ ಯಾಕೆ ಹಂಗಿದೆ?’ ಅಂತ ಮುಗಿಬೀಳುವುದು. ಮೊದಲನೆಯವರಿಗೆ ‘ನಿನಗೆ ನಿನ್ನ ಕೆಲಸವೇ ದೊಡ್ಡದು’ ಅನ್ನುವ ಮಾತು ಸಿಗುತ್ತದೆ. ಎರಡನೆಯವರಿಗೆ ಸಿಗುವುದು ‘ಏನಿಲ್ಲ ಬಿಡು’.

ಈ ಬರಹ ಗುರುತಿನವರ ಜೊತೆ ಕನ್ನಡದಲ್ಲಿ ನಡೆಯುವ ಫೋನ್ ಕರೆಗೆ ಮಾತ್ರ. ಎದುರಿಗಿದ್ದಾಗ ಮುಖ ಕಾಣುತ್ತದೆ, ಅರ್ಧ ಕೆಲಸ ಕಣ್ಣೇ ಮಾಡುತ್ತದೆ. ಫೋನಿನಲ್ಲಿ ಕೈಗೆ ಸಿಗುವುದು ಮೊದಲ ಮೂರು ನಾಲ್ಕು ಸೆಕೆಂಡಿನ ದನಿ ಅಷ್ಟೇ, ಹಾಗಾಗಿ ಹೆಚ್ಚು ಜನ ಎಡವುವುದೂ ಅಲ್ಲೇ.

## ಶುರು ಮಾಡುವ ಮುಂಚೆ ಏನೇನು ಬೇಕು

ಮೊದಲು ಬೇಕಾದ್ದು ಆ ವ್ಯಕ್ತಿಯ ಮಾಮೂಲಿ ಉತ್ತರ. ಅವರು ಚೆನ್ನಾಗಿರುವ ದಿನ ‘ಊಟ ಆಯ್ತಾ?’ ಅಂದರೆ ಏನು ಹೇಳುತ್ತಾರೆ? ಹಿಂದಿನ ಮೂರು ನಾಲ್ಕು ಕರೆಗಳನ್ನು ನೆನಪು ಮಾಡಿಕೊಳ್ಳಿ. ಒಬ್ಬರು ಯಾವಾಗಲೂ ‘ಆಯ್ತು, ನಿಮ್ದು?’ ಅಂತಾರೆ. ಇನ್ನೊಬ್ಬರು ಏನು ಸಾರು, ಏನು ಪಲ್ಯ ಅಂತ ಪೂರ್ತಿ ವರದಿ ಕೊಡುತ್ತಾರೆ. ಮತ್ತೊಬ್ಬರು ಹುಟ್ಟಿದಾಗಿನಿಂದ ‘ಹೂಂ’ ಬಿಟ್ಟು ಬೇರೆ ಹೇಳಿಯೇ ಇಲ್ಲ. ಈ ಮೂರನೆಯವರ ‘ಹೂಂ’ನಲ್ಲಿ ಏನೂ ಹುಡುಕಬಾರದು. ಮೊದಲನೆಯವರು ‘ಹೂಂ’ ಅಂದರೆ ಮಾತ್ರ ಕಿವಿ ನೆಟ್ಟಗಾಗಬೇಕು. ಅಂದರೆ ನೋಡಬೇಕಾದ್ದು ಪದವನ್ನಲ್ಲ, ಅದು ಮಾಮೂಲಿಗಿಂತ ಎಷ್ಟು ಆಚೀಚೆ ಆಗಿದೆ ಅನ್ನುವುದನ್ನು.

ವಯಸ್ಸಾದವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ‘ಏನೋ ನಡೀತಾ ಇದೆ’, ‘ದೇವರು ಇಟ್ಟಂಗೆ ಇದೀವಪ್ಪ’ ಅನ್ನುವುದು ಎಷ್ಟೋ ಹಿರಿಯರಿಗೆ ಸುಖವಾಗಿರುವಾಗಲೂ ಬರುವ ಮಾತು. ‘ತುಂಬಾ ಚೆನ್ನಾಗಿದೀವಿ’ ಅಂತ ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಅನ್ನುವ ಅಳುಕು ಅದರ ಹಿಂದೆ ಇರುತ್ತದೆ. ಅದೇ ಮಾತು ಮೂವತ್ತರ ಗೆಳೆಯನ ಬಾಯಲ್ಲಿ ಮೊದಲ ಸಲ ಬಂದರೆ ಲೆಕ್ಕವೇ ಬೇರೆ.

ಎರಡನೆಯದು, ಮುಂದಕ್ಕೆ ಹಾಕಬಹುದಾದ ವಿಷಯ. ‘ಈಗಲೇ ಹೇಳಿ ಮುಗಿಸಬೇಕು’ ಅಂತ ಹೊರಟವರ ಕಿವಿಗೆ ಏನೂ ಬೀಳುವುದಿಲ್ಲ, ಅವರು ತಮ್ಮ ಮುಂದಿನ ವಾಕ್ಯವನ್ನೇ ಬಾಯೊಳಗೆ ಹಿಡಿದುಕೊಂಡಿರುತ್ತಾರೆ. ಇವತ್ತು ಆಗದಿದ್ದರೆ ನಾಳೆ ಯಾವ ಹೊತ್ತಿಗೆ ಮಾಡಬಹುದು ಅಂತ ನಂಬರ್ ಒತ್ತುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ.

ಮೂರನೆಯದು, ಫೋನ್ ಕಿವಿಗೆ ಹಿಡಿದು ಮಾತಾಡುವುದು. ಸ್ಪೀಕರಿಗೆ ಹಾಕಿ ಪಾತ್ರೆ ತೊಳೆಯುತ್ತಾ ಮಾತಾಡಿದರೆ ಉಸಿರು, ತಡ, ದನಿಯ ಇಳಿತ ಯಾವುದೂ ಕೇಳುವುದಿಲ್ಲ.

## ಹಂತ 1: ಉತ್ತರ ಬೇಕಾಗುವ ಪ್ರಶ್ನೆಯಿಂದ ಶುರು ಮಾಡಿ

‘ಹಲೋ’ಗೆ ‘ಹಲೋ’, ‘ನಮಸ್ಕಾರ’ಕ್ಕೆ ‘ನಮಸ್ಕಾರ’. ಇವುಗಳಲ್ಲಿ ಮನಸ್ಥಿತಿ ತೋರಿಸಿಕೊಳ್ಳಲು ಜಾಗ ಕಡಿಮೆ. ‘ಊಟ ಆಯ್ತಾ?’, ‘ಕಾಫಿ ಆಯ್ತಾ?’, ‘ಚೆನ್ನಾಗಿದೀರಾ?’, ‘ಆರಾಮೇನ್ರಿ?’ ಇವಕ್ಕೆ ಉತ್ತರ ಹೇಳಲೇಬೇಕು. ಹೇಳುವಾಗ ಉದ್ದ ಮಾಡಬಹುದು, ಗಿಡ್ಡ ಮಾಡಬಹುದು, ವಾಪಸ್ ಕೇಳಬಹುದು, ಕೇಳದೆಯೂ ಇರಬಹುದು. ನಮಗೆ ಬೇಕಾದ್ದು ಆ ಸಡಿಲ.

ಇವುಗಳಲ್ಲಿ ಊಟದ ಪ್ರಶ್ನೆಯೇ ಮೇಲು. ‘ಹೇಗಿದೀರಾ?’ ಅಂದರೆ ಜನ ಬಾಯಿಪಾಠದ ಉತ್ತರ ಕೊಡುತ್ತಾರೆ, ಅದು ಮನಸ್ಸಿನ ಬಗ್ಗೆಯೇ ಕೇಳಿದ ಪ್ರಶ್ನೆ ಅಂತ ಒಳಗೊಳಗೆ ಗೊತ್ತಿರುವುದರಿಂದ. ಊಟದ ಬಗ್ಗೆ ಕೇಳಿದಾಗ ಆ ಎಚ್ಚರ ಇರುವುದಿಲ್ಲ.

ಆದರೆ ಹೊತ್ತು ತಪ್ಪಬಾರದು. ಬೆಳಿಗ್ಗೆ ಹತ್ತರವರೆಗೆ ತಿಂಡಿ, ಮಧ್ಯಾಹ್ನ ಒಂದೂವರೆಯಿಂದ ಮೂರೂವರೆವರೆಗೆ ಊಟ, ಸಂಜೆ ಕಾಫಿ ಅಥವಾ ಚಾ, ರಾತ್ರಿ ಒಂಬತ್ತರ ಮೇಲೆ ಮತ್ತೆ ಊಟ. ಬೆಳಿಗ್ಗೆ ಹನ್ನೊಂದೂವರೆಗೆ ‘ಊಟ ಆಯ್ತಾ?’ ಅಂದರೆ ಅವರು ಒಂದು ಕ್ಷಣ ಗಡಿಯಾರ ನೋಡಿ ಯೋಚಿಸುತ್ತಾರೆ. ಆ ತಡ ನಿಮ್ಮ ಪ್ರಶ್ನೆ ಹುಟ್ಟಿಸಿದ್ದು, ಅವರ ಮನಸ್ಸಿಗೂ ಅದಕ್ಕೂ ಸಂಬಂಧ ಇಲ್ಲ.

ಎಚ್ಚರ: ಸಾವಾದ ಮನೆಗೆ, ಆಸ್ಪತ್ರೆಯಲ್ಲಿ ಕೂತವರಿಗೆ ‘ಆರಾಮಾ?’ ಅಂತ ಶುರು ಮಾಡಬೇಡಿ. ಅಲ್ಲಿ ಮನಸ್ಥಿತಿ ಮೊದಲೇ ಗೊತ್ತಿದೆ, ಓದಲು ಏನೂ ಇಲ್ಲ. ‘ನಾನು ಇಂಥವನು, ವಿಷಯ ಗೊತ್ತಾಯ್ತು’ ಅಂತ ನೇರ ಹೇಳುವುದೇ ಸರಿ.

## ಹಂತ 2: ಉತ್ತರದಲ್ಲಿ ಮೂರು ಕಡೆ ಕಿವಿ ಇಡಿ

ನೂರೆಂಟು ಸೂಚನೆ ಹುಡುಕಲು ಹೋದರೆ ಒಂದೂ ಸಿಗುವುದಿಲ್ಲ. ಮೂರು ಸಾಕು.

ವಾಪಸ್ ಪ್ರಶ್ನೆ ಬಂತಾ? ‘ಆಯ್ತು, ನಿಮ್ದು?’ ಅನ್ನುವುದರಲ್ಲಿ ಆ ‘ನಿಮ್ದು?’ ಎಲ್ಲಕ್ಕಿಂತ ದೊಡ್ಡ ಸುಳಿವು. ವಾಪಸ್ ಕೇಳಿದರೆ ಅವರು ಮಾತಿಗೆ ತಯಾರಿದ್ದಾರೆ, ಕಡೇಪಕ್ಷ ಮರ್ಯಾದೆಗಾದರೂ ನಿಮ್ಮ ಕಡೆ ತಿರುಗಿದ್ದಾರೆ. ಸದಾ ಕೇಳುವವರು ಇವತ್ತು ಕೇಳಲಿಲ್ಲ ಅಂದರೆ ಅವರ ಗಮನ ಬೇರೆಲ್ಲೋ ಇದೆ. ಎಲ್ಲಿದೆ ಅನ್ನುವುದು ಮುಂದಿನ ಹಂತದ ಕೆಲಸ.

ಧಾರವಾಡದ ಕಡೆ ‘ಆರಾಮ್ರಿ, ನೀವ್ ಆರಾಮೇನ್ರಿ?’ ಅನ್ನುವುದು ಒಂದೇ ಉಸಿರಿನಲ್ಲಿ ಬರುತ್ತದೆ. ಅಲ್ಲಿ ವಾಪಸ್ ಪ್ರಶ್ನೆ ಬಂದರೆ ವಿಶೇಷ ಏನೂ ಅಲ್ಲ, ಬರದಿದ್ದರೆ ಮಾತ್ರ ಗಮನಿಸಿ. ಇನ್ನೊಂದು ಮಾತು: ಉತ್ತರ ಕರ್ನಾಟಕದವರು ‘ಆರಾಮಿಲ್ರಿ’ ಅಂದರೆ ಸಾಮಾನ್ಯವಾಗಿ ಮೈ ಹುಷಾರಿಲ್ಲ ಅಂತ. ಮೈಸೂರಿನವರು ಅದನ್ನು ‘ಮನಸ್ಸಿಗೆ ನೆಮ್ಮದಿ ಇಲ್ಲ’ ಅಂತ ಹಿಡಿದು ಸಮಾಧಾನ ಹೇಳಲು ಹೊರಟರೆ ಆ ಕಡೆಯವರು ಜ್ವರದಲ್ಲಿ ನರಳುತ್ತಾ ಕೇಳಿಸಿಕೊಳ್ಳಬೇಕಾಗುತ್ತದೆ.

ಎಷ್ಟು ತಡವಾಯಿತು? ಹೌದು-ಇಲ್ಲ ಪ್ರಶ್ನೆಗಳಿಗೆ ಜನ ಬಹಳ ಬೇಗ ಉತ್ತರ ಕೊಡುತ್ತಾರೆ. ಬೇರೆ ಬೇರೆ ಖಂಡಗಳ ಹತ್ತು ಭಾಷೆಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಸರಾಸರಿ ಅಂತರ ಸುಮಾರು 0.2 ಸೆಕೆಂಡ್, ಅಂದರೆ ಕಣ್ಣು ಮಿಟುಕಿಸುವಷ್ಟು. ಕನ್ನಡ ಆ ಹತ್ತರಲ್ಲಿ ಇರಲಿಲ್ಲ, ಆದರೆ ‘ಊಟ ಆಯ್ತಾ?’ಗೆ ‘ಆಯ್ತು’ ಎಷ್ಟು ಬೇಗ ಬೀಳುತ್ತದೆ ಅಂತ ಯಾರು ಬೇಕಾದರೂ ಗಮನಿಸಬಹುದು. ಊಟ ಆಗಿದೆಯೋ ಇಲ್ಲವೋ ಅನ್ನುವುದಕ್ಕೆ ಯೋಚನೆ ಬೇಕಿಲ್ಲ. ಹಾಗಾಗಿ ಅದಕ್ಕೂ ಒಂದು ಸೆಕೆಂಡ್ ಹಿಡಿದರೆ ಆ ಮನುಷ್ಯ ಬೇರೇನೋ ಮಾಡುತ್ತಿದ್ದಾನೆ, ಅಥವಾ ದನಿಯನ್ನು ಸರಿಮಾಡಿಕೊಳ್ಳುತ್ತಿದ್ದಾನೆ.

ಕರೆಯುವ ರೀತಿ ಬದಲಾಯಿತಾ? ದಿನಾ ‘ಹೇಳೋ’, ‘ಆಯ್ತು ಕಣೋ’ ಅನ್ನುವ ಗೆಳೆಯ ಇವತ್ತು ‘ಹೇಳಿ’ ಅಂದರೆ, ‘ಕಣೇ’ ಅನ್ನುವ ಅಕ್ಕ ‘ಆಯ್ತಮ್ಮ’ ಅಂದರೆ ಅದು ಕಣ್ತಪ್ಪಲ್ಲ. ಕನ್ನಡದಲ್ಲಿ ಕೋಪ ಬಂದಾಗ ಏಕವಚನಕ್ಕೆ ಇಳಿಯುವವರೂ ಇದ್ದಾರೆ, ಬಹುವಚನಕ್ಕೆ ಏರುವವರೂ ಇದ್ದಾರೆ. ಹತ್ತಿರದವರಲ್ಲಿ ಎರಡನೆಯದೇ ಹೆಚ್ಚು. ‘ನೀನು’ ಇದ್ದದ್ದು ‘ನೀವು’ ಆದರೆ ಅವರು ಒಂದು ಹೆಜ್ಜೆ ಹಿಂದೆ ಸರಿದಿದ್ದಾರೆ ಅಂತ ತಿಳಿಯಿರಿ.

‘ಇದೀನಿ’ ಬದಲು ‘ಇದೀವಿ’ ಅಂದದ್ದಕ್ಕೆ ಅರ್ಥ ಹಚ್ಚಬೇಡಿ. ಮನೆಮಂದಿಯನ್ನೆಲ್ಲ ಸೇರಿಸಿ ಉತ್ತರಿಸುವುದು ನಮ್ಮಲ್ಲಿ ಸಾಮಾನ್ಯ. ಆದರೆ ‘ಮನೇಲೆಲ್ಲ ಹೇಗಿದಾರೆ?’ ಅಂದಾಗ ‘ಮಕ್ಕಳು ಚೆನ್ನಾಗಿದಾರೆ’ ಅಂತ ಅಷ್ಟಕ್ಕೇ ನಿಂತರೆ, ಬಿಟ್ಟುಹೋದವರು ಯಾರು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬಾಯಿಬಿಟ್ಟು ಕೇಳಬೇಡಿ.

ಇನ್ನು ಮಧ್ಯಮ ಉತ್ತರಗಳು: ‘ಪರವಾಗಿಲ್ಲ’, ‘ಹೀಗೇ ಇದೀನಿ’, ‘ನಡೀತಿದೆ’. ‘ಚೆನ್ನಾಗಿದೀನಿ’ ಅನ್ನುವವರು ಮಾತು ಮುಗಿಸುತ್ತಾರೆ, ‘ಚೆನ್ನಾಗಿಲ್ಲ’ ಅನ್ನುವವರು ಕಥೆ ಶುರು ಮಾಡುತ್ತಾರೆ. ಈ ನಡುವಿನವರು ಬಾಗಿಲು ಅರ್ಧ ತೆರೆದು ನೋಡುತ್ತಾರೆ. ಇಂಥ ಅರೆಬರೆ ಉತ್ತರದ ಹಿಂದೆ ಹೇಳದೇ ಉಳಿದ ತೊಂದರೆ ಇರುವುದುಂಟು, ಅದು ಸ್ವಲ್ಪ ಹೊತ್ತಿನ ಮೇಲೆ ಹೊರಬರುವುದುಂಟು ಅಂತ ಇಂಗ್ಲಿಷ್ ಫೋನ್ ಮಾತುಕತೆಗಳನ್ನು ಅಕ್ಷರಕ್ಷರ ಬರೆದಿಟ್ಟು ನೋಡಿದ ಗೇಲ್ ಜೆಫರ್ಸನ್ 1980ರಲ್ಲೇ ತೋರಿಸಿದ್ದರು. ‘ಸ್ವಲ್ಪ ಹೊತ್ತಿನ ಮೇಲೆ’ ಅನ್ನುವುದನ್ನು ಗಮನಿಸಿ. ತಕ್ಷಣ ಎಳೆಯಲು ಹೋದರೆ ಅದು ಬರುವುದಿಲ್ಲ.

## ಹಂತ 3: ಮನಸ್ಸಿಗೆ ಸಂಬಂಧವಿಲ್ಲದ್ದನ್ನು ಜಾಲಿಸಿ ತೆಗೆಯಿರಿ

ಈ ಹಂತ ಬಿಟ್ಟವರೇ ಹೆಚ್ಚು ಜಗಳ ತರುತ್ತಾರೆ. ತಂಗಿ ಬಸ್ಸಿನಲ್ಲಿ ನಿಂತುಕೊಂಡು ‘ಹೂಂ’ ಅಂದದ್ದನ್ನು ‘ಮುನಿಸು’ ಅಂತ ಬರೆದಿಟ್ಟುಕೊಂಡು ಎರಡು ದಿನ ಫೋನ್ ಮಾಡದೆ ಕೂರುವುದು.

ಮೊದಲು ಲೈನ್ ನೋಡಿ. ವಾಟ್ಸ್ಆಪ್ ಕರೆಯಲ್ಲಿ, ಅದರಲ್ಲೂ ಲಂಡನ್ನಿಗೋ ಅಮೆರಿಕಕ್ಕೋ ಮಾಡಿದಾಗ, ದನಿ ಹೋಗುವುದಕ್ಕೂ ಬರುವುದಕ್ಕೂ ತಡವಾಗುತ್ತದೆ. ನೆಟ್‌ವರ್ಕ್ ಚೆನ್ನಾಗಿಲ್ಲದಿದ್ದರೆ ಅದೇ ಅರ್ಧ ಸೆಕೆಂಡ್ ಮೀರಬಹುದು. ಅದನ್ನು ಪತ್ತೆ ಹಚ್ಚುವುದು ಸುಲಭ: ನಿಮ್ಮ ‘ಹಲೋ’ಗೆ ಅವರ ‘ಹಲೋ’ ಎಷ್ಟು ತಡವಾಗಿ ಬಂತು? ಊಟದ ಉತ್ತರವೂ ಅಷ್ಟೇ ತಡವಾದರೆ ಅದು ಲೈನಿನದ್ದು. ‘ಹಲೋ’ ಪಟ್ಟನೆ ಬಂದು ‘ಆಯ್ತು’ ಮಾತ್ರ ನಿಧಾನವಾದರೆ ಮನುಷ್ಯನದ್ದು. ವಿದೇಶದ ಕರೆಯಲ್ಲಿ ತಡವನ್ನು ಪೂರ್ತಿ ಬಿಟ್ಟು, ವಾಪಸ್ ಪ್ರಶ್ನೆ ಮತ್ತು ಕರೆಯುವ ರೀತಿ ಇವೆರಡನ್ನೇ ನಂಬಿ.

ಆಮೇಲೆ ಸುತ್ತಲಿನ ಸದ್ದು. ಹಾರ್ನ್, ಕುಕ್ಕರ್ ಸೀಟಿ, ಮಗುವಿನ ಅಳು ಕೇಳಿದರೆ ಗಿಡ್ಡ ಉತ್ತರಕ್ಕೆ ಕಾರಣ ಸಿಕ್ಕಿತು. ಪೂರ್ತಿ ನಿಶ್ಶಬ್ದ ಇದ್ದು ದನಿ ಮಾತ್ರ ತಗ್ಗಿದ್ದರೆ ಪಕ್ಕದಲ್ಲಿ ಯಾರೋ ಇದ್ದಾರೆ: ಮೇಲಧಿಕಾರಿ, ಮಲಗಿದ ಮಗು, ಅಥವಾ ಯಾರ ಬಗ್ಗೆ ಮಾತಾಡಬೇಕೋ ಅವರೇ. ಆಗ ಕೇಳಬೇಕಾದ್ದು ಒಂದೇ: ‘ಈಗ ಮಾತಾಡಬಹುದಾ, ಆಮೇಲೆ ಮಾಡ್ಲಾ?’

ದಡಬಡ ಇರುವವರಿಗೂ ಮುನಿಸಿಕೊಂಡವರಿಗೂ ಇರುವ ವ್ಯತ್ಯಾಸ ಈ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ದಡಬಡದವರು ಕಾರಣ ಕೊಡುತ್ತಾರೆ: ‘ಗಾಡಿ ಓಡಿಸ್ತಿದೀನಿ ಕಣೋ, ಹತ್ತು ನಿಮಿಷ’. ಮುನಿಸಿಕೊಂಡವರು ಕಾರಣ ಕೊಡುವುದಿಲ್ಲ: ‘ಪರವಾಗಿಲ್ಲ, ಹೇಳಿ’.

## ಹಂತ 4: ಒಂದು ಊಹೆ ಮಾತ್ರ ಹಿಡಿದುಕೊಳ್ಳಿ

ಇಲ್ಲಿಗೆ ಐದು ಸೆಕೆಂಡ್ ಆಗಿದೆ. ನಾಲ್ಕರಲ್ಲಿ ಒಂದನ್ನು ಆರಿಸಿ.

*ಸರಿಯಾಗಿದ್ದಾರೆ.* ಮಾಮೂಲಿ ಉತ್ತರ, ಮಾಮೂಲಿ ವೇಗ. ವಿಷಯಕ್ಕೆ ಹೋಗಿ.

*ಕೈ ಬಿಡುವಿಲ್ಲ.* ಉತ್ತರ ಬೇಗ ಬಂತು, ಗಿಡ್ಡ ಇತ್ತು, ಹಿಂದೆ ಸದ್ದಿತ್ತು.

*ನಿಮ್ಮ ಮೇಲೆ ಬೇಸರ.* ತಡ ಇಲ್ಲ, ಬದಲಿಗೆ ತೀರಾ ಬೇಗ ಮತ್ತು ಸ್ಪಷ್ಟ. ‘ಊಟ ಆಯ್ತಾ?’ ಅಂದರೆ ಊಟದ ಸುದ್ದಿಯನ್ನೇ ಬಿಟ್ಟು ‘ಹೇಳಿ’ ಅಥವಾ ‘ಏನ್ ವಿಷಯ?’ ಅಂತಾರೆ. ಕೇಳಿದ ಪ್ರಶ್ನೆಯನ್ನು ದಾಟಿ ಹೋಗುವುದು ಇದರ ಗುರುತು. ಇನ್ನೊಂದು ಗುರುತು ಚುಚ್ಚುಮಾತು: ‘ಓಹೋ, ನೆನಪಾಯ್ತಾ?’ ಇದು ನಗುತ್ತಾ ಬಂದರೂ ಅರ್ಧ ನಿಜವೇ.

*ಏನೋ ತೊಂದರೆಯಲ್ಲಿದ್ದಾರೆ.* ತಡ ಇದೆ, ವಾಪಸ್ ಪ್ರಶ್ನೆ ಇಲ್ಲ, ಉತ್ತರದ ಕೊನೆ ತಗ್ಗುತ್ತದೆ. ‘ಹೂಂ... ಆಯ್ತು’ ಅನ್ನುವಾಗ ‘ಆಯ್ತು’ವಿನ ‘ತು’ ಕೇಳಿಸುವುದೇ ಇಲ್ಲ. ಅಥವಾ ಮಧ್ಯಾಹ್ನ ಮೂರೂವರೆಗೆ ‘ಇನ್ನೂ ಇಲ್ಲ’ ಅಂತಾರೆ, ಯಾಕೆ ಅಂತ ಹೇಳುವುದಿಲ್ಲ.

ಒಂದೇ ಸೂಚನೆ ಸಿಕ್ಕರೆ ‘ಸರಿಯಾಗಿದ್ದಾರೆ’ ಅಂತಲೇ ಇಟ್ಟುಕೊಳ್ಳಿ. ಎರಡು ಸಿಕ್ಕರೆ ಮಾತ್ರ ದಾರಿ ಬದಲಿಸಿ. ಒಂದೇ ಸುಳಿವಿನ ಮೇಲೆ ಕುಣಿಯುವವರ ಜೊತೆ ಮಾತಾಡುವುದು ಸುಸ್ತು. ಅಂಥವರಿಗೆ ಜನ ಬೇಕಂತಲೇ ಬಣ್ಣ ಹಚ್ಚಿದ ‘ಸೂಪರ್ ಆಗಿದೀನಿ’ ಕೊಡಲು ಕಲಿತುಬಿಡುತ್ತಾರೆ, ಆಮೇಲೆ ಓದಲು ಏನೂ ಉಳಿಯುವುದಿಲ್ಲ.

## ಹಂತ 5: ಮುಂದಿನ ವಾಕ್ಯ

ಕೈ ಬಿಡುವಿಲ್ಲದವರಿಗೆ ವಾಕ್ಯ ಗಿಡ್ಡ ಮಾಡಿ, ಎಷ್ಟು ಹೊತ್ತು ಬೇಕು ಅಂತ ಮೊದಲೇ ಹೇಳಿ. ‘ಒಂದೇ ಮಾತು: ನಾಳೆ ಬರೋದು ಹತ್ತಕ್ಕೋ ಹನ್ನೊಂದಕ್ಕೋ?’ ಒಂದೇ ಮಾತು ಅಂದಮೇಲೆ ಎರಡನೆಯದನ್ನು ತೆಗೆಯಬಾರದು. ‘ಹಾಂ, ಇನ್ನೊಂದು’ ಅಂದರೆ ಮುಂದಿನ ಸಲ ನಿಮ್ಮ ‘ಒಂದೇ ಮಾತು’ ನಂಬುವವರಿಲ್ಲ.

ನಿಮ್ಮ ಮೇಲೆ ಬೇಸರ ಇದ್ದವರಿಗೆ ‘ಯಾಕೆ ಕೋಪ?’ ಅನ್ನಬೇಡಿ. ‘ನಂಗ್ಯಾಕೆ ಕೋಪ?’ ಅನ್ನುವ ಉತ್ತರ ಸಿದ್ಧವಾಗಿಯೇ ಇರುತ್ತದೆ, ಅದನ್ನು ಹೇಳಿದ ಮೇಲೆ ಅವರು ವಾಪಸ್ ಬರುವುದೂ ಕಷ್ಟ. ಕಾರಣ ನಿಮಗೆ ಗೊತ್ತಿದ್ದರೆ ನೀವೇ ಮೊದಲು ಎತ್ತಿ: ‘ಮೊನ್ನೆ ಬರ್ತೀನಿ ಅಂದು ಬರ್ಲಿಲ್ಲ, ಅದಕ್ಕೇ ಮಾಡಿದೆ’. ಗೊತ್ತಿಲ್ಲದಿದ್ದರೆ ನಿಮ್ಮ ಕೆಲಸದ ವಿಷಯ ಬದಿಗಿಟ್ಟು ‘ಮಾಡಿ ತುಂಬಾ ದಿನ ಆಯ್ತು’ ಅನ್ನಿ. ಇದು ಬರೀ ಒಂದು ಸಂಗತಿ, ಕ್ಷಮೆಯೂ ಅಲ್ಲ, ಆರೋಪವೂ ಅಲ್ಲ. ಬೇಸರ ಇದ್ದವರು ಅದನ್ನೇ ಹಿಡಿದುಕೊಳ್ಳುತ್ತಾರೆ: ‘ಹೌದಪ್ಪ, ದೊಡ್ಡ ಮನುಷ್ಯರು’. ಅಲ್ಲಿಗೆ ಮಾತು ತೆರೆಯಿತು, ಬೈಗುಳದ ರೂಪದಲ್ಲಾದರೂ. ಬೈಯಲಿಕ್ಕೆ ಬಿಡಿ. ಮಧ್ಯದಲ್ಲಿ ವಿವರಣೆ ಕೊಡಬೇಡಿ.

ತೊಂದರೆಯಲ್ಲಿದ್ದವರಿಗೆ ಹೇಳುವ ವಾಕ್ಯವೇ ಎಲ್ಲಕ್ಕಿಂತ ಕಷ್ಟದ್ದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಅದಕ್ಕೆ ಎರಡು ಭಾಗ.

ಮೊದಲ ಭಾಗದಲ್ಲಿ ಅವರು ಕೇಳದೆ ಬಿಟ್ಟ ಪ್ರಶ್ನೆಗೆ ನೀವೇ ಉತ್ತರ ಕೊಡಿ: ‘ನಂದೂ ಈಗ ಆಯ್ತು’. ಅವರು ‘ನಿಂದು?’ ಅಂತ ಕೇಳಲಿಲ್ಲ ಅನ್ನುವುದನ್ನು ಎತ್ತಿ ತೋರಿಸದೆ ಮುಚ್ಚಿಬಿಡುವುದು ಇದರ ಉದ್ದೇಶ.

ಎರಡನೆಯ ಭಾಗದಲ್ಲಿ ಅವರ ದನಿಗೆ ಒಂದು ಸಣ್ಣ, ನಿರಪಾಯದ ಕಾರಣ ನೀವೇ ಕೊಡಿ: ‘ಮಲಗಿದ್ರೇನೋ?’, ‘ಸುಸ್ತಾಗಿದೀಯೇನೋ, ಇವತ್ತು ಬಿಸಿಲು ಜಾಸ್ತಿ’, ‘ಕೆಲಸದ ಮಧ್ಯ ಮಾಡಿದ್ನೇನೋ?’ ಹೇಳಲು ಮನಸ್ಸಿಲ್ಲದವರು ‘ಹೂಂ, ಹಾಗೇ ಒರಗಿದ್ದೆ’ ಅಂತ ಅದನ್ನೇ ಒಪ್ಪಿಕೊಂಡು ಮಾನ ಉಳಿಸಿಕೊಳ್ಳುತ್ತಾರೆ. ಹೇಳಬೇಕು ಅನ್ನಿಸಿದವರು ಅದನ್ನು ತಿದ್ದುತ್ತಾರೆ: ‘ಮಲಗೋದೆಲ್ಲಿ ಬಂತು...’. ತಾವಾಗಿ ಕಷ್ಟ ಹೇಳಿಕೊಳ್ಳುವುದಕ್ಕಿಂತ ಬೇರೆಯವರ ತಪ್ಪು ಊಹೆಯನ್ನು ತಿದ್ದುವುದು ಜನರಿಗೆ ಬಹಳ ಸುಲಭ. ಹಾಗಾಗಿ ನಿಮ್ಮ ಊಹೆ ತಪ್ಪಾದಷ್ಟೂ ಒಳ್ಳೆಯದೇ. ‘ಅಳ್ತಿದ್ಯಾ?’, ‘ಮನೇಲಿ ಏನಾದ್ರೂ ಜಗಳಾನಾ?’ ಅನ್ನುವ ದೊಡ್ಡ ಊಹೆ ಬೇಡ, ಅದು ಸರಿಯಾಗಿದ್ದರೆ ಅವರು ಸುಳ್ಳು ಹೇಳಲೇಬೇಕಾಗುತ್ತದೆ.

ಇಲ್ಲಿ ಮಾಡುವ ತಪ್ಪು ಹುರುಪು ತುಂಬುವುದು. ಅವರ ದನಿ ತಗ್ಗಿದೆ ಅಂತ ಗೊತ್ತಾದ ಕೂಡಲೇ ನಮ್ಮ ದನಿ ಏರಿಸಿ ‘ಏ ಬಿಡು, ಎಲ್ಲಾ ಸರಿಹೋಗುತ್ತೆ!’ ಅಂದರೆ ಅವರು ಇನ್ನೂ ಒಳಗೆ ಹೋಗುತ್ತಾರೆ, ಯಾವುದು ಸರಿಹೋಗಬೇಕು ಅಂತ ಅವರಿನ್ನೂ ಹೇಳಿಯೇ ಇಲ್ಲವಲ್ಲ. ಅವರ ವೇಗಕ್ಕೆ ಹತ್ತಿರದ ವೇಗದಲ್ಲಿ, ಒಂಚೂರು ಮೇಲಿನ ದನಿಯಲ್ಲಿ ಮಾತಾಡಿ.

## ಹಂತ 6: ಊಹೆ ಸರಿಯೇ ಅಂತ ಮುಂದಿನ ಉತ್ತರದಲ್ಲಿ ನೋಡಿ

ಎರಡನೇ ವಾಕ್ಯಕ್ಕೆ ಬರುವ ಉತ್ತರ ಮೊದಲನೆಯದಕ್ಕಿಂತ ಉದ್ದವಾಗಿದ್ದರೆ ನೀವು ಸರಿದಾರಿಯಲ್ಲಿದ್ದೀರಿ. ಅಷ್ಟೇ ಗಿಡ್ಡವಾಗಿದ್ದರೆ ಇನ್ನೊಂದೇ ಒಂದು ಪ್ರಯತ್ನ, ಅದೂ ಬೇರೆ ವಿಷಯದಲ್ಲಿ. ಆಗಲೂ ಹಾಗೇ ಇದ್ದರೆ ಹಿಂದೆ ಸರಿಯಿರಿ: ‘ಸರಿ, ಸಂಜೆ ಮಾಡ್ತೀನಿ’. ಹೊತ್ತು ಹೇಳಿಯೇ ಇಡಬೇಕು. ಬರೀ ‘ಆಮೇಲೆ ಮಾಡ್ತೀನಿ’ ಅಂದರೆ ಕೈ ತೊಳೆದುಕೊಂಡ ಹಾಗೆ ಕೇಳುತ್ತದೆ. ಹೇಳಿದ ಹೊತ್ತಿಗೆ ಮಾಡಲು ಆಗದಿದ್ದರೆ ಹೇಳಲೇಬೇಡಿ.

ಉತ್ತರ ಉದ್ದವಾಗುತ್ತಾ ಹೋದರೆ ನಿಮ್ಮ ಮಾತು ಗಿಡ್ಡವಾಗುತ್ತಾ ಹೋಗಬೇಕು. ಅವರ ವಾಕ್ಯದ ಒಂದು ತುಂಡನ್ನೇ ಪ್ರಶ್ನೆ ಮಾಡಿ ವಾಪಸ್ ಕೊಡುವುದು ಸಾಕು.

## ಒಂದು ಕರೆ, ಸಾಲು ಸಾಲಾಗಿ

ಬೆಂಗಳೂರಿನಲ್ಲಿರುವ ಹುಡುಗನೊಬ್ಬ ಅರಸೀಕೆರೆ ಕಡೆಯ ಹಳ್ಳಿಯಲ್ಲಿರುವ ಚಿಕ್ಕಮ್ಮನಿಗೆ ಮಧ್ಯಾಹ್ನ ಎರಡೂಕಾಲಿಗೆ ಫೋನ್ ಮಾಡುತ್ತಾನೆ ಅಂತಿಟ್ಟುಕೊಳ್ಳಿ. ಭಾನುವಾರ ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಬರುತ್ತೇವೆ ಅಂತ ಹೇಳಬೇಕು. ಚಿಕ್ಕಮ್ಮನ ಮಾಮೂಲಿ ಉತ್ತರ: ‘ಆಯ್ತು ಕಣೋ, ಈಗ ತಾನೇ ಮುದ್ದೆ ಉಂಡ್ವಿ. ನಿಂದಾಯ್ತಾ? ಹುಡುಗ್ರದ್ದು?’

ಇವತ್ತು:

‘ಚಿಕ್ಕಮ್ಮ, ಊಟ ಆಯ್ತಾ?’

‘...ಹೂಂ. ಆಯ್ತಪ್ಪ.’

‘ಹಲೋ’ ಬೇಗ ಬಂದಿತ್ತು, ಹಾಗಾಗಿ ಲೈನ್ ಸರಿ ಇದೆ. ಉತ್ತರ ತಡವಾಯಿತು. ವಾಪಸ್ ಪ್ರಶ್ನೆ ಇಲ್ಲ, ಮಕ್ಕಳ ಸುದ್ದಿಯೂ ಇಲ್ಲ. ‘ಕಣೋ’ ಹೋಗಿ ‘ಅಪ್ಪ’ ಬಂದಿದೆ. ಮೂರೂ ಸೂಚನೆ ಇವೆ. ಸಿಟ್ಟಾಗಿದ್ದರೆ ‘ಹೇಳಪ್ಪ’ ಅಂತ ನೇರ ದಾಟಿ ಹೋಗುತ್ತಿದ್ದರು, ದಾಟಿಲ್ಲ. ಹಾಗಾಗಿ ತೊಂದರೆ ಅನ್ನುವ ಊಹೆ.

ಇಲ್ಲಿ ಅವನು ‘ಭಾನುವಾರ ನಾವು ನಾಲ್ಕು ಜನ ಬರ್ತೀವಿ ಚಿಕ್ಕಮ್ಮ’ ಅಂದಿದ್ದರೆ ಅವರು ‘ಬನ್ನಿ’ ಅಂತಲೇ ಅನ್ನುತ್ತಿದ್ದರು. ಮನೆಗೆ ಬರುತ್ತೇನೆ ಅಂದ ಮಗನಿಗೆ ಬೇಡ ಅನ್ನುವ ಚಿಕ್ಕಮ್ಮ ಇಲ್ಲ. ಆ ‘ಬನ್ನಿ’ಯನ್ನು ಒಪ್ಪಿಗೆ ಅಂದುಕೊಂಡು ಅವನು ಫೋನ್ ಇಡುತ್ತಿದ್ದ. ‘ಯಾಕ್ ಚಿಕ್ಕಮ್ಮ, ಬೇಜಾರಾ?’ ಅಂದಿದ್ದರೆ ‘ಏನಿಲ್ಲ ಬಿಡು’. ಅವನು ಹೇಳಬೇಕಾದ್ದು ಹೀಗೆ:

‘ನಂದೂ ಈಗ ಆಯ್ತು ಚಿಕ್ಕಮ್ಮ. ಒರಗಿದ್ರೇನೋ, ಎಬ್ಬಿಸಿಬಿಟ್ನಾ?’

‘ಇಲ್ಲ ಕಣೋ, ಒರಗೋದೆಲ್ಲಿ ಬಂತು. ನಿಮ್ಮ ಚಿಕ್ಕಪ್ಪಂಗೆ ಮಂಡಿ ಊದ್ಕೊಂಡು ಮೂರು ದಿನ ಆಯ್ತು.’

‘ಕಣೋ’ ವಾಪಸ್ ಬಂತು, ಉತ್ತರ ಉದ್ದವಾಯಿತು. ಇನ್ನು ಅವನ ಸಾಲು ಗಿಡ್ಡ:

‘ಮೂರು ದಿನಾನಾ? ನಡೆಯೋಕಾಗುತ್ತಾ?’

‘ಬಚ್ಚಲಿಗೆ ಹೋಗೋಕೂ ನಾನೇ ಹಿಡ್ಕೋಬೇಕು. ತೋರ್ಸೋಣ ಅಂದ್ರೆ ಕೇಳಲ್ಲ, ಎಣ್ಣೆ ಹಚ್ಚಿದ್ರೆ ಸಾಕಂತೆ.’

ಈಗ ಭಾನುವಾರದ ವಿಷಯ ಬಿಡಬೇಕಿಲ್ಲ, ತಿರುಗಿಸಬೇಕು: ‘ಶನಿವಾರ ನಾನೊಬ್ಬನೇ ಕಾರ್ ತಗೊಂಡು ಬರ್ಲಾ? ಹಾಸನಕ್ಕೆ ಕರ್ಕೊಂಡು ಹೋಗಿ ತೋರಿಸ್ಕೊಂಡು ಬರೋಣ. ಊಟ ಬೇಡ, ಆಚೇನೇ ಮಾಡ್ಕೋತೀನಿ.’ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುವ ಯೋಚನೆ ಇತ್ತು ಅನ್ನುವುದನ್ನು ಹೇಳಲೇಬಾರದು. ಹೇಳಿದರೆ ಚಿಕ್ಕಮ್ಮ ‘ಅಯ್ಯೋ, ಅವರನ್ನೂ ಕರ್ಕೊಂಡು ಬಾ’ ಅಂತ ಇನ್ನೊಂದು ಹೊರೆ ತಾವೇ ಹೊತ್ತುಕೊಳ್ಳುತ್ತಾರೆ.

ಅವರು ‘ಹೂಂ ಕಣೋ, ಈಗಷ್ಟೇ ಕಣ್ಣು ಹತ್ತಿತ್ತು’ ಅಂದಿದ್ದರೆ? ‘ಮಲ್ಕೊಳ್ಳಿ ಹಾಗಾದ್ರೆ, ಐದಕ್ಕೆ ಮಾಡ್ತೀನಿ.’ ಅದು ನಿಜವೋ ನೆಪವೋ ಅಂತ ಈಗ ತೀರ್ಮಾನ ಆಗಬೇಕಿಲ್ಲ. ಐದಕ್ಕೆ ಮಾಡಿದಾಗ ಮುದ್ದೆಯ ವರದಿ, ಹುಡುಗರ ವಿಚಾರಣೆ ಬಂದರೆ ನಿದ್ದೆಯೇ ಇತ್ತು.

## ಯಾವಾಗ ಇದು ಕೆಲಸ ಮಾಡುವುದಿಲ್ಲ

ಮೊದಲ ಸಲ ಮಾತಾಡುವವರ ಜೊತೆ ಮಾಡಬೇಡಿ, ಹೋಲಿಸಲು ಮಾಮೂಲಿ ಉತ್ತರವೇ ಇಲ್ಲ. ಬ್ಯಾಂಕು, ಗ್ಯಾಸ್ ಏಜೆನ್ಸಿ, ಸಹಾಯವಾಣಿಯವರ ಲವಲವಿಕೆ ಕೆಲಸದ ಭಾಗ, ಅದರಲ್ಲಿ ಏನೂ ಓದಲಾಗದು.

ಮೆಸೇಜಿನಲ್ಲಿ ಈ ಹಂತಗಳಲ್ಲಿ ಅರ್ಧ ಬಿದ್ದುಹೋಗುತ್ತವೆ. ‘ಹ್ಮ್’ ಅಂತ ಬಂದರೆ ಅದು ಬೇಸರವೋ, ಒಂದೇ ಕೈಯಲ್ಲಿ ಟೈಪ್ ಮಾಡಿದ್ದೋ ಹೇಳಲು ಬರುವುದಿಲ್ಲ. ತಡ ಅಂತೂ ಲೆಕ್ಕಕ್ಕೇ ಇಲ್ಲ. ಮೆಸೇಜ್ ನೋಡಿ ಅನುಮಾನ ಬಂದರೆ ಮತ್ತೊಂದು ಮೆಸೇಜ್ ಹಾಕುವ ಬದಲು ಫೋನ್ ಮಾಡಿ ಹಂತ 1ರಿಂದ ಶುರು ಮಾಡಿ.

ಕೊನೆಗೆ, ಬಹಳ ದಿನ ಕಂಗೆಟ್ಟಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ಹಗುರಾಗಿ ‘ಎಲ್ಲಾ ಸರಿಹೋಯ್ತು, ಇನ್ನೇನೂ ಯೋಚನೆ ಇಲ್ಲ’ ಅಂದರೆ, ಅಥವಾ ಯಾರೇ ಆಗಲಿ ‘ಇದ್ದು ಏನ್ ಮಾಡೋದು’ ಅನ್ನುವ ಮಾತು ಆಡಿದರೆ, ಇಲ್ಲಿ ಹೇಳಿದ ಸಣ್ಣ ಕಾರಣ, ಸುತ್ತುಬಳಸು ಯಾವುದೂ ಬೇಡ. ‘ಸಾಯೋ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಅನ್ನುವ ಭಯಕ್ಕೆ ಆಧಾರ ಇಲ್ಲ. ಒಬ್ಬರನ್ನೇ ಬಿಡಬೇಡಿ, ಹತ್ತಿರ ಇರುವವರನ್ನು ಅವರ ಬಳಿಗೆ ಕಳಿಸಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.